ಗೇನ್ ನೋಡಿದರೆ ಎರಡೇ ಪೋಲ್, ಫೇಸ್ ಮಾತ್ರ ಒಪ್ಪುತ್ತಿಲ್ಲ: ಬೋಡೆ ನಕ್ಷೆಯಿಂದ ಮೋಟಾರಿನ ಟ್ರಾನ್ಸ್‌ಫರ್ ಫಂಕ್ಷನ್ ತೆಗೆಯುವುದು ಹೇಗೆ?

ಸಹನಾ_ಕಂಟ್ರೋಲ್ಸ್

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಯೋಗಾಲಯದಲ್ಲಿ ಒಂದು ಹಳೆಯ ಡಿಸಿ ಮೋಟಾರ್ ಇದೆ, ಅದಕ್ಕೆ ಭಾರದ ಚಕ್ರ ಜೋಡಿಸಿದೆ. ಅದರ ಮೇಲಿದ್ದ ಹೆಸರುಪಟ್ಟಿ ಅಳಿಸಿಹೋಗಿದೆ, ಡೇಟಾಶೀಟ್ ಯಾರ ಬಳಿಯೂ ಇಲ್ಲ. ಕಂಪ್ಯೂಟರಿನ ಕಾರ್ಡ್‌ನಿಂದ ಆಂಪ್ಲಿಫೈಯರ್ ಮೂಲಕ ವೋಲ್ಟೇಜ್ ಕೊಡುತ್ತೇನೆ, ಶಾಫ್ಟ್ ಮೇಲಿನ ಟ್ಯಾಕೋ ವೋಲ್ಟೇಜನ್ನು ಅದೇ ಕಾರ್ಡ್ ಓದುತ್ತದೆ. ಒಂದೊಂದೇ ಆವರ್ತನದ ಸೈನ್ ಅಲೆ ಕೊಟ್ಟು ಗೇನ್ ಮತ್ತು ಫೇಸ್ ಬರೆದುಕೊಂಡಿದ್ದೇನೆ. ಆವರ್ತನ ರೇಡಿಯನ್/ಸೆಕೆಂಡಿನಲ್ಲಿದೆ.

| ಆವರ್ತನ | ಗೇನ್ (ಡೆಸಿಬೆಲ್) | ಫೇಸ್ (ಡಿಗ್ರಿ) |
|---|---|---|
| 0.5 | 6.0 | −6 |
| 2 | 5.4 | −24 |
| 5 | 3.0 | −50 |
| 10 | −1.0 | −73 |
| 20 | −6.5 | −96 |
| 40 | −13.1 | −121 |
| 80 | −21.1 | −154 |
| 160 | −31.1 | 162 |
| 400 | −46.2 | 77 |

ಸೆಮಿಲಾಗ್ ಹಾಳೆಯಲ್ಲಿ ಮೂರು ಗೆರೆ ಎಳೆದೆ. ಮೊದಲು 6 ಡೆಸಿಬೆಲ್‌ನಲ್ಲಿ ಅಡ್ಡಗೆರೆ, ಆಮೇಲೆ 20ರ ಬಿಂದುವಿನ ಮೂಲಕ ದಶಕಕ್ಕೆ −20 ಇಳಿಜಾರಿನ ಗೆರೆ, ಕೊನೆಗೆ −40ರ ಗೆರೆ. ಮೊದಲ ಎರಡು ಗೆರೆಗಳು 4.7ರಲ್ಲಿ ಸೇರುತ್ತವೆ. ಮೂರನೆಯ ಗೆರೆಯನ್ನು 160ರ ಬಿಂದುವಿನ ಮೂಲಕ ಎಳೆದರೆ ಎರಡನೆಯ ಕಾರ್ನರ್ 75 ಬರುತ್ತದೆ, 400ರ ಬಿಂದುವಿನ ಮೂಲಕ ಎಳೆದರೆ 83 ಬರುತ್ತದೆ. ಯಾವುದನ್ನು ನಂಬುವುದು? ಇನ್ನೊಂದು ಪ್ರಶ್ನೆ ಫೇಸಿನದು. ಎರಡು ಪೋಲ್ ಇದ್ದರೆ ಫೇಸ್ −180ಕ್ಕಿಂತ ಕೆಳಗೆ ಹೋಗಬಾರದು. ಇಲ್ಲಿ −154 ಆದ ಮೇಲೆ ಇದ್ದಕ್ಕಿದ್ದಂತೆ +162ಕ್ಕೆ ಜಿಗಿದಿದೆ. ಅಳತೆಯೇ ಕೆಟ್ಟಿದೆಯೇ?

---

ಕಿರಣ್_ರೋಬೋ

ಮೂರನೆಯ ಪೋಲ್ ಇದೆ, ಅಷ್ಟೇ. 200ರ ಆಸುಪಾಸಿನಲ್ಲಿ ಒಂದು ಪೋಲ್ ಹಾಕಿ ನೋಡಿ, ಫೇಸ್ ಸರಿಹೋಗುತ್ತದೆ.

---

ಬಯಲುಸೀಮೆ

ಕಾರ್ನರ್ 5 ಎಂದರೆ ಟೈಮ್ ಕಾನ್‌ಸ್ಟಂಟ್ 0.032 ಸೆಕೆಂಡ್. ಭಾರದ ಚಕ್ರ ಇರುವ ಮೋಟಾರಿಗೆ ಇದು ತೀರಾ ಚುರುಕಾಯಿತು. ನಿಮ್ಮ ಅಳತೆಯಲ್ಲಿ ಬೇರೆ ಏನೋ ತಪ್ಪಿದೆ.

---

ಸಹನಾ_ಕಂಟ್ರೋಲ್ಸ್

@ಬಯಲುಸೀಮೆ ಅವರೇ, ನೀವು ಹರ್ಟ್ಸ್ ಎಂದು ಓದಿಕೊಂಡಿದ್ದೀರಿ. 5 ರೇಡಿಯನ್/ಸೆಕೆಂಡ್ ಎಂದರೆ 0.2 ಸೆಕೆಂಡ್. ಸ್ವಿಚ್ ಹಾಕಿದಾಗ ಕಣ್ಣಿಗೆ ಕಾಣುವಷ್ಟು ನಿಧಾನವಾಗಿಯೇ ವೇಗ ಏರುತ್ತದೆ.

---

ಮಲೆನಾಡ_ಮೇಷ್ಟ್ರು

ಸಹನಾ, ಅಳತೆ ಕೆಟ್ಟಿಲ್ಲ. ನೀವು ಕೊಟ್ಟಿರುವುದು ಒಳ್ಳೆಯ ಡೇಟಾ. ಆದರೆ ಗೇನ್ ಮತ್ತು ಫೇಸ್ ಎರಡನ್ನೂ ಒಟ್ಟಿಗೆ ಸರಿಪಡಿಸಲು ಹೋಗಬೇಡಿ. ಮೊದಲು ಗೇನ್ ಒಂದನ್ನೇ ಹಿಡಿದು ಮುಗಿಸಿ, ಫೇಸ್ ಅನ್ನು ಪಕ್ಕಕ್ಕಿಡಿ. ಕೊನೆಯಲ್ಲಿ ಅದೇ ಸಾಕ್ಷಿ ಹೇಳುತ್ತದೆ.

ನಿಮಗೆ 75 ಮತ್ತು 83 ಎಂದು ಎರಡು ಉತ್ತರ ಬಂದದ್ದಕ್ಕೆ ಕಾರಣ ಸರಳ. ಅಸಿಂಪ್ಟೋಟ್ ಗೆರೆಯನ್ನು ಅಳೆದ ಬಿಂದುವಿನ ಮೂಲಕವೇ ಎಳೆದಿದ್ದೀರಿ. ನಿಜವಾದ ವಕ್ರರೇಖೆ ಆ ಗೆರೆಯ ಮೇಲೆ ಕೂರುವುದಿಲ್ಲ, ಯಾವಾಗಲೂ ಸ್ವಲ್ಪ ಕೆಳಗೇ ಇರುತ್ತದೆ. ಕಾರ್ನರ್‌ನಲ್ಲಿ 3 ಡೆಸಿಬೆಲ್ ಕೆಳಗೆ. ಕಾರ್ನರಿನ ಅರ್ಧ ಆವರ್ತನದಲ್ಲಿಯೂ ಎರಡರಷ್ಟು ಆವರ್ತನದಲ್ಲಿಯೂ 1 ಡೆಸಿಬೆಲ್ ಕೆಳಗೆ. ನಿಮ್ಮ 160ರ ಬಿಂದು ಎರಡನೆಯ ಕಾರ್ನರಿನ ಎರಡರಷ್ಟು ದೂರದಲ್ಲಿದೆ, ಹಾಗಾಗಿ ಅದು ಗೆರೆಗಿಂತ ಒಂದು ಡೆಸಿಬೆಲ್ ಕೆಳಗಿರಲೇಬೇಕು. 160 ಮತ್ತು 400ರ ನಡುವಿನ ಇಳಿಜಾರನ್ನು ನೀವೇ ಲೆಕ್ಕ ಹಾಕಿ, ದಶಕಕ್ಕೆ −38 ಬರುತ್ತದೆ. ಅಂದರೆ ಗೆರೆ ಇನ್ನೂ ನೆಲೆಗೊಂಡಿಲ್ಲ.

20ರ ಬಿಂದುವಿನದೂ ಇದೇ ಕಥೆ. ಅದರ ಎಡಕ್ಕೆ ಒಂದು ಪೋಲ್, ಬಲಕ್ಕೆ ಒಂದು ಪೋಲ್, ಎರಡೂ ಕಾಲು ಡೆಸಿಬೆಲ್‌ನಷ್ಟು ಕೆಳಗೆ ಎಳೆಯುತ್ತವೆ. ಹಾಗಾಗಿ ಗೆರೆ ಹೋಗಬೇಕಾದದ್ದು −6.5ರ ಮೂಲಕ ಅಲ್ಲ, −6.0ರ ಮೂಲಕ. ಹಾಗೆ ಎಳೆದರೆ ಕಾರ್ನರ್ 4.7ರಿಂದ 5ಕ್ಕೆ ಬರುತ್ತದೆ. ತಾಳೆ ನೋಡಿ: 5ರಲ್ಲಿ ನಿಮ್ಮ ಗೇನ್ 3.0, ಅಂದರೆ 6ಕ್ಕಿಂತ ಸರಿಯಾಗಿ 3 ಕೆಳಗೆ. 10ರಲ್ಲಿ ಗೆರೆ 0 ಎನ್ನುತ್ತದೆ, ನೀವು ಅಳೆದದ್ದು −1. ಎರಡೂ ಕೂಡುತ್ತವೆ.

ಎರಡನೆಯ ಪೋಲನ್ನು ಗೆರೆ ಎಳೆದು ಹುಡುಕಬೇಡಿ. ಮೊದಲ ಪೋಲನ್ನೂ 6 ಡೆಸಿಬೆಲ್ಲನ್ನೂ ಅಳತೆಯಿಂದ ಕಳೆಯಿರಿ. ಕಳೆಯುವಾಗ ಗೆರೆಯ ಬೆಲೆ ಬೇಡ, ಪೋಲಿನ ನಿಜವಾದ ಬೆಲೆಯನ್ನೇ ಬಳಸಿ. ಉಳಿದದ್ದನ್ನು ಹೊಸ ಹಾಳೆಯಲ್ಲಿ ಹಾಕಿ, ಏನು ಬಂತು ಎಂದು ಇಲ್ಲಿ ಬರೆಯಿರಿ.

---

ಸಹನಾ_ಕಂಟ್ರೋಲ್ಸ್

ಮಾಡಿದೆ ಮೇಷ್ಟ್ರೇ. ಮೊದಲ ಪೋಲನ್ನು 5ರಲ್ಲಿ ಇಟ್ಟು ಕಳೆದ ಮೇಲೆ 10ರವರೆಗೆ ಸೊನ್ನೆಯ ಹತ್ತಿರವೇ ಇದೆ. 40ರಲ್ಲಿ −1.0, 80ರಲ್ಲಿ −3.0, 160ರಲ್ಲಿ −7.0, 400ರಲ್ಲಿ −14.1. ಅರ್ಧದಲ್ಲಿ 1, ಕಾರ್ನರ್‌ನಲ್ಲಿ 3, ಎರಡರಷ್ಟರಲ್ಲಿ 7. ಒಂದೇ ಪೋಲಿನ ರೂಪ ಅಚ್ಚೊತ್ತಿದ ಹಾಗೆ ಕಾಣುತ್ತಿದೆ! ಅಂದರೆ ಎರಡನೆಯದು 80.

```
G(s) = 2 / ((1 + s/5)(1 + s/80))
```

6 ಡೆಸಿಬೆಲ್ ಎಂದರೆ ಗೇನ್ 2 ಎಂದು ತೆಗೆದುಕೊಂಡೆ. ಆದರೆ ಈ ಸೂತ್ರದ ಪ್ರಕಾರ 400ರಲ್ಲಿ ಫೇಸ್ −168 ಇರಬೇಕು. ನನ್ನ ಅಳತೆ 77.

---

ವರ್ಕ್‌ಶಾಪ್_ರಂಗಣ್ಣ

ಫೇಸ್ ಬಗ್ಗೆ ತಿಳಿದವರು ಹೇಳಲಿ. ನಾನು ಮೋಟಾರ್ ರಿಪೇರಿಯವನು, ನನಗೆ ಬೇರೆಯದೇ ಅನುಮಾನ. ತಂಗೀ, ಸೈನ್ ಕೊಡುವಾಗ ಮೋಟಾರ್ ಒಂದೇ ದಿಕ್ಕಿನಲ್ಲಿ ತಿರುಗುತ್ತಿತ್ತೋ, ಅಥವಾ ಹಿಂದೆ ಮುಂದೆ ಆಡುತ್ತಿತ್ತೋ? ಹಿಂದೆ ಮುಂದೆ ಆಡಿಸಿದರೆ ಪ್ರತಿ ಸಲ ನಿಂತು ಹೊರಡುವಾಗ ಬ್ರಷ್ಷು ಬೇರಿಂಗುಗಳು ಹಿಡಿಯುತ್ತವೆ. ಆ ಹಿಡಿತ ಬಿಡಿಸುವುದಕ್ಕೇ ಸ್ವಲ್ಪ ವೋಲ್ಟೇಜ್ ಹೋಗುತ್ತದೆ. ಸಣ್ಣ ಸೈನ್ ಕೊಟ್ಟರೆ ಗೇನ್ ಕಡಿಮೆ, ದೊಡ್ಡ ಸೈನ್ ಕೊಟ್ಟರೆ ಗೇನ್ ಜಾಸ್ತಿ ಬರುತ್ತದೆ.

ನಮ್ಮಲ್ಲಿಗೆ ಬಂದ ಒಂದು ಹೊಲಿಗೆ ಯಂತ್ರದ ಮೋಟಾರಿನಲ್ಲಿ ಹೀಗೇ ಆಗಿತ್ತು. ಗೇನ್ ಒಂದೊಂದು ಸಲ ಒಂದೊಂದು ಬರುತ್ತಿತ್ತು. ಬ್ರಷ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಒಂದು ವೇಗದಲ್ಲಿ ಓಡುವಂತೆ ಬಿಟ್ಟು ಅದರ ಮೇಲೆ ಸೈನ್ ಕೊಟ್ಟಾಗ ಮಾತ್ರ ಅಳತೆ ಒಂದೇ ಕಡೆ ನಿಂತಿತು.

---

ಸಹನಾ_ಕಂಟ್ರೋಲ್ಸ್

@ವರ್ಕ್‌ಶಾಪ್_ರಂಗಣ್ಣ, ಒಂದೇ ದಿಕ್ಕು ಅಣ್ಣ. 3 ವೋಲ್ಟ್ ಡಿಸಿ ಕೊಟ್ಟು ಅದರ ಮೇಲೆ 2 ವೋಲ್ಟ್ ಸೈನ್ ಕೊಟ್ಟಿದ್ದೇನೆ. ವೋಲ್ಟೇಜ್ 1ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮೋಟಾರ್ ನಿಲ್ಲುವುದಿಲ್ಲ.

---

ವರ್ಕ್‌ಶಾಪ್_ರಂಗಣ್ಣ

ಹಾಗಾದರೆ ಸರಿ. ಆದರೂ ಒಂದೇ ಆವರ್ತನದಲ್ಲಿ 1 ವೋಲ್ಟ್, 2 ವೋಲ್ಟ್ ಎರಡನ್ನೂ ಕೊಟ್ಟು ಗೇನ್ ಒಂದೇ ಬರುತ್ತದೆಯೇ ನೋಡಿ. ಬರದಿದ್ದರೆ ಈ ಗೆರೆ ಎಳೆಯುವ ಕೆಲಸಕ್ಕೆ ಅರ್ಥವಿಲ್ಲ.

---

ಪವರ್‌ಸಪ್ಲೈ_ಹೆಗಡೆ

ಇದು ಮೂರನೆಯ ಪೋಲ್ ಅಲ್ಲ, ಬಲಭಾಗದ ಝೀರೋ. ನನ್ನ ದಿನನಿತ್ಯದ ಕೆಲಸ ಬೂಸ್ಟ್ ಕನ್ವರ್ಟರ್, ಅಲ್ಲಿ ಇದನ್ನು ಕಂಡು ಕಂಡು ಸಾಕಾಗಿದೆ. ಡ್ಯೂಟಿ ಹೆಚ್ಚಿಸಿದರೆ ಔಟ್‌ಪುಟ್ ಮೊದಲು ಇಳಿದು ಆಮೇಲೆ ಏರುತ್ತದೆ. ಬೋಡೆ ನಕ್ಷೆಯಲ್ಲಿ ಇಳಿಜಾರು −40ರಿಂದ −20ಕ್ಕೆ ತಿರುಗುತ್ತದೆ, ನೋಡಿದವರು ಸಾಮಾನ್ಯ ಝೀರೋ ಎಂದುಕೊಳ್ಳುತ್ತಾರೆ. ಆದರೆ ಫೇಸ್ ಮೇಲೇರುವ ಬದಲು ಇನ್ನೂ 90 ಡಿಗ್ರಿ ಕೆಳಗೆ ಹೋಗುತ್ತದೆ. ಲೋಡ್ 10 ಓಮ್, ಇಂಡಕ್ಟರ್ 100 ಮೈಕ್ರೋಹೆನ್ರಿ, ಡ್ಯೂಟಿ ಅರ್ಧ ಎಂದಾದರೆ ಆ ಝೀರೋ ಸುಮಾರು 4 ಕಿಲೋಹರ್ಟ್ಸ್‌ನಲ್ಲಿ ಕೂರುತ್ತದೆ. ಲೋಡ್ ಹೆಚ್ಚಿದಂತೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಗೇನ್ ಮಾತ್ರ ನೋಡಿ ಮಾಡೆಲ್ ಮಾಡಿದವರ ಲೂಪ್ ಆಂದೋಲನಕ್ಕೆ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಸಹನಾ ಅವರದೂ ಇದೇ ಜಾತಿ. 400ರಲ್ಲಿ ಬಲಭಾಗದ ಝೀರೋ, 400ರಲ್ಲೇ ಎಡಭಾಗದ ಪೋಲ್. ಎರಡರ ಗೇನ್ ಪರಸ್ಪರ ಹೊಡೆದುಹೋಗುತ್ತದೆ, ಫೇಸ್ ಮಾತ್ರ ಉಳಿಯುತ್ತದೆ.

---

ಕಿರಣ್_ರೋಬೋ

ಮೋಟಾರಿನಲ್ಲಿ ಬಲಭಾಗದ ಝೀರೋ ಎಲ್ಲಿಂದ ಬರಬೇಕು ಸರ್? ವೋಲ್ಟೇಜ್ ಹೆಚ್ಚಿಸಿದರೆ ವೇಗ ಮೊದಲು ಇಳಿಯುತ್ತದೆಯೇ?

---

ಮಲೆನಾಡ_ಮೇಷ್ಟ್ರು

ಹೆಗಡೆಯವರು ಬಾಗಿಲಿನವರೆಗೆ ಬಂದಿದ್ದಾರೆ. ಗೇನ್ ಮುಟ್ಟದೆ ಫೇಸ್ ಮಾತ್ರ ಎಳೆಯುವ ಏನೋ ಇದೆ ಎಂಬಷ್ಟು ಸರಿ. ಅದು ಏನು ಎಂಬುದನ್ನು ಅಂದಾಜಿನಿಂದ ಹೇಳುವುದು ಬೇಡ, ಡೇಟಾವನ್ನೇ ಕೇಳೋಣ.

ಮೊದಲು ಆ ಜಿಗಿತ. ಉಪಕರಣ ಫೇಸ್ ಅನ್ನು −180ರಿಂದ +180ರ ಒಳಗೇ ತೋರಿಸುತ್ತದೆ. +162 ಎಂದರೆ −198, +77 ಎಂದರೆ −283. 360 ಕಳೆದುಬಿಡಿ, ವಕ್ರರೇಖೆ ನಯವಾಗಿ ಕೆಳಗಿಳಿಯುತ್ತದೆ. ಇಂಥ ಜಿಗಿತವನ್ನು ನೋಡಿ ಅಲ್ಲೊಂದು ಅನುರಣನವಿದೆ ಎಂದು ಬರೆದುಕೊಂಡು ಬರುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ.

ಇನ್ನು ಮಾಡೆಲ್ ಹೇಳುವ ಫೇಸ್ ಅನ್ನು ಅಳತೆಯಿಂದ ಕಳೆಯಿರಿ. ಬೆಲ್ ಲ್ಯಾಬ್ಸ್‌ನ ಹೆಂಡ್ರಿಕ್ ಬೋಡೆ 1940ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಬಲಭಾಗದಲ್ಲಿ ಪೋಲ್, ಝೀರೋ ಯಾವುದೂ ಇಲ್ಲದ, ವಿಳಂಬವೂ ಇಲ್ಲದ ವ್ಯವಸ್ಥೆಯಲ್ಲಿ ಗೇನ್ ವಕ್ರರೇಖೆಯೊಂದೇ ಫೇಸ್ ಅನ್ನು ನಿರ್ಧರಿಸುತ್ತದೆ. ಹಾಗಾಗಿ ಗೇನ್ ಸರಿಯಾಗಿ ಕೂತ ಮೇಲೂ ಫೇಸ್‌ನಲ್ಲಿ ಏನಾದರೂ ಉಳಿದರೆ, ಆ ಉಳಿಕೆ ಗೇನ್ ಕಾಣಿಸದ ಭಾಗದ್ದೇ. ಸಹನಾ ಅವರ ಉಳಿಕೆ 40ರಲ್ಲಿ ಸುಮಾರು 12 ಡಿಗ್ರಿ, 80ರಲ್ಲಿ 23, 160ರಲ್ಲಿ 46, 400ರಲ್ಲಿ 115. ಆವರ್ತನ ಎರಡರಷ್ಟಾದರೆ ಉಳಿಕೆಯೂ ಎರಡರಷ್ಟು. ಆವರ್ತನಕ್ಕೆ ನೇರ ಅನುಪಾತದಲ್ಲಿ ಬೆಳೆಯುವ ಫೇಸ್ ವಿಳಂಬದ್ದು.

---

ಮ್ಯೂನಿಕ್_ಕನ್ನಡತಿ

ಮೇಷ್ಟ್ರು ಹೇಳಿದ್ದನ್ನು ಕೂಡಲೇ ಓಡಿಸಿ ನೋಡಿದೆ. ಉಳಿಕೆಯನ್ನು ಆವರ್ತನದಿಂದ ಭಾಗಿಸಿದರೆ ವಿಳಂಬ ಮಿಲಿಸೆಕೆಂಡಿನಲ್ಲಿ ಸಿಗಬೇಕು.

```python
import numpy as np
w  = np.array([20, 40, 80, 160, 400])
ph = np.array([-96, -121, -154, 162, 77])
ph = np.rad2deg(np.unwrap(np.deg2rad(ph)))
mdl = -np.rad2deg(np.arctan(w/5) + np.arctan(w/80))
print(np.deg2rad(mdl - ph) / w * 1000)
```

5.2, 5.0, 4.9, 5.1, 5.0 ಬರುತ್ತದೆ. 20ಕ್ಕಿಂತ ಕೆಳಗಿನ ಬಿಂದುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಉಳಿಕೆ ಒಂದೆರಡು ಡಿಗ್ರಿ ಮಾತ್ರ, ಅಳತೆಯನ್ನು ಅರ್ಧ ಡಿಗ್ರಿಗೆ ದುಂಡಗೆ ಮಾಡಿದರೂ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. 5 ಮಿಲಿಸೆಕೆಂಡ್ ಎಂದು ಬರೆದುಕೊಳ್ಳಬಹುದು.

ಎಚ್ಚರಿಕೆಯ ಮಾತೊಂದು: `unwrap` ಪಕ್ಕಪಕ್ಕದ ಬಿಂದುಗಳ ನಡುವೆ 180 ಡಿಗ್ರಿಗಿಂತ ಕಡಿಮೆ ವ್ಯತ್ಯಾಸವಿದೆ ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ಬಿಂದುಗಳು ವಿರಳವಾಗಿದ್ದರೆ ಒಂದು ಸುತ್ತು ತಪ್ಪಿಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

---

ಕಿರಣ್_ರೋಬೋ

200ರ ಪೋಲ್ ಕೂಡ ಕೆಳ ಆವರ್ತನದಲ್ಲಿ 5 ಮಿಲಿಸೆಕೆಂಡಿನ ವಿಳಂಬದಂತೆಯೇ ಕಾಣುತ್ತದೆ. ನಾನು ಹೇಳಿದ್ದರಲ್ಲಿ ಏನು ತಪ್ಪು?

---

ಮಲೆನಾಡ_ಮೇಷ್ಟ್ರು

ಕೆಳ ಆವರ್ತನದಲ್ಲಿ ಕಾಣುತ್ತದೆ, ಒಪ್ಪಿದೆ. 400ಕ್ಕೆ ಬನ್ನಿ. ಅಲ್ಲಿ ಆ ಪೋಲ್ 63 ಡಿಗ್ರಿ ಕೊಡುತ್ತದೆ, ಬೇಕಾಗಿರುವುದು 115. ಅದೂ ಹೋಗಲಿ, ಒಂದು ಪೋಲ್ ಎಷ್ಟು ಎಳೆದರೂ 90 ದಾಟುವುದಿಲ್ಲ. ಜೊತೆಗೆ 400ರಲ್ಲಿ ಗೇನ್ ಇನ್ನೂ 7 ಡೆಸಿಬೆಲ್ ಕೆಳಗಿರಬೇಕಿತ್ತು. ಸಹನಾ ಕಳೆದು ನೋಡಿದಾಗ ಎರಡನೆಯ ಪೋಲಿನ ಲೆಕ್ಕಕ್ಕೆ ಮೀರಿ ಏನೂ ಉಳಿಯಲಿಲ್ಲ.

ಹೆಗಡೆಯವರ ಝೀರೋ–ಪೋಲ್ ಜೋಡಿಯನ್ನೂ ಇದೇ ರೀತಿ ಪರೀಕ್ಷಿಸಬಹುದು. ಅದು 80ರಲ್ಲಿ 23 ಕೊಡುತ್ತದೆ, 160ರಲ್ಲಿ 44 ಕೊಡುತ್ತದೆ, ಅಲ್ಲಿಯವರೆಗೆ ಅಳತೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ. 400ರಲ್ಲಿ ಮಾತ್ರ 90ಕ್ಕೆ ನಿಲ್ಲುತ್ತದೆ. ಅಳತೆ 115.

---

ಪವರ್‌ಸಪ್ಲೈ_ಹೆಗಡೆ

ಮೇಷ್ಟ್ರೇ, ನನ್ನ ಜೋಡಿ ಬೇರೇನಲ್ಲ, 5 ಮಿಲಿಸೆಕೆಂಡ್ ವಿಳಂಬದ ಮೊದಲ ದರ್ಜೆಯ ಪಾಡೆ ರೂಪ. ಸಹನಾ ಲೂಪನ್ನು 400ರಲ್ಲಿ ಮುಚ್ಚುವುದಿಲ್ಲ, 50ರಲ್ಲೋ 80ರಲ್ಲೋ ಮುಚ್ಚುತ್ತಾರೆ. ಅಲ್ಲಿ ನನ್ನದಕ್ಕೂ ನಿಮ್ಮದಕ್ಕೂ ಒಂದು ಡಿಗ್ರಿಯೂ ವ್ಯತ್ಯಾಸವಿಲ್ಲ. ಕೈಲೆಕ್ಕಕ್ಕೆ ನನ್ನ ರೂಪವೇ ಸುಲಭ.

---

ಮಲೆನಾಡ_ಮೇಷ್ಟ್ರು

ವಿನ್ಯಾಸಕ್ಕೆ ಬಳಸಿ, ತಕರಾರಿಲ್ಲ. ಆದರೆ ಮೋಟಾರಿನಲ್ಲಿ ಬಲಭಾಗದ ಝೀರೋ ಇದೆ ಎಂದು ವರದಿಯಲ್ಲಿ ಬರೆದರೆ, ಓದಿದವರು ಅದರ ಭೌತಿಕ ಕಾರಣ ಹುಡುಕುತ್ತಾ ಕೂರುತ್ತಾರೆ.

---

ಡೇಟಾ_ದೇಸಾಯಿ

ಇಷ್ಟೆಲ್ಲ ಗೆರೆ ಎಳೆಯುವುದು ಏಕೆ? ಮ್ಯಾಟ್‌ಲ್ಯಾಬ್‌ನಲ್ಲಿ `tfest` ಇದೆ. ಡೇಟಾ ಕೊಟ್ಟು ಎರಡು ಪೋಲ್ ಎಂದು ಹೇಳಿದರೆ ಒಂದೇ ಸಾಲಿನಲ್ಲಿ ಉತ್ತರ.

---

ಮ್ಯೂನಿಕ್_ಕನ್ನಡತಿ

@ಡೇಟಾ_ದೇಸಾಯಿ, ನಾನು ಅದನ್ನು ಕೆಲಸದಲ್ಲಿ ಪ್ರತಿದಿನ ಬಳಸುತ್ತೇನೆ. ಅದರ ಒಳಗೆ ಏನು ಕೊಡುತ್ತೇವೆ ಎಂಬುದರಲ್ಲೇ ಎಲ್ಲ ಇದೆ. ವಿಳಂಬದ ಮಾತೆತ್ತದೆ ಎರಡು ಪೋಲ್ ಮಾತ್ರ ಕೇಳಿದರೆ, ಆ ರೂಪಕ್ಕೆ −180 ದಾಟುವ ಶಕ್ತಿಯೇ ಇಲ್ಲ. ಆಗ ಅದು ಫೇಸ್ ಸರಿಪಡಿಸಲು ಹೋಗಿ ಗೇನ್ ಕೆಡಿಸುತ್ತದೆ, ಪೋಲ್‌ಗಳು ಜಾಗ ಬಿಟ್ಟು ಸರಿಯುತ್ತವೆ. ಝೀರೋ ಹಾಕಲು ಅವಕಾಶ ಕೊಟ್ಟರೆ ಬಲಭಾಗದಲ್ಲಿ ಒಂದನ್ನು ತಂದು ಕೂರಿಸುತ್ತದೆ. ಸರಿಯಾಗಿ ಕೇಳುವುದು ಹೀಗೆ:

```matlab
sys = tfest(data, 2, 0, NaN)
```

ಕೊನೆಯ `NaN` ಎಂದರೆ ವಿಳಂಬವನ್ನೂ ನೀನೇ ಹುಡುಕು ಎಂದು. ಆದರೆ ಎರಡು ಪೋಲ್, ಝೀರೋ ಇಲ್ಲ, ವಿಳಂಬ ಇದೆ ಎಂಬ ಈ ಮೂರು ವಿಷಯಗಳು ನನಗೆ ತಿಳಿಯುವುದು ಇಳಿಜಾರನ್ನೂ ಉಳಿಕೆಯನ್ನೂ ಕಣ್ಣಾರೆ ನೋಡಿದಾಗಲೇ. ಗೆರೆ ಎಳೆಯುವುದು ರೂಪ ಗೊತ್ತುಮಾಡಲು, ಸಾಫ್ಟ್‌ವೇರ್ ಅಂಕಿಗಳನ್ನು ತಿದ್ದಲು.

---

ಡೇಟಾ_ದೇಸಾಯಿ

ಬೇರೆ ಬೇರೆ ರೂಪಗಳನ್ನು ಕೊಟ್ಟು ಯಾವುದರಲ್ಲಿ ತಪ್ಪು ಕಡಿಮೆಯೋ ಅದನ್ನು ಆರಿಸಬಹುದಲ್ಲ. ಅದಕ್ಕೂ ಸೆಮಿಲಾಗ್ ಹಾಳೆ ಬೇಕೇ? ನನಗೆ ಒಪ್ಪಿಗೆಯಾಗಿಲ್ಲ.

---

ಬಯಲುಸೀಮೆ

ನನ್ನದೊಂದು ಬೇರೆ ಪ್ರಶ್ನೆ. 400ರಲ್ಲಿ ಗೇನ್ −46 ಡೆಸಿಬೆಲ್ ಎಂದರೆ ಸುಮಾರು ಇನ್ನೂರರಲ್ಲಿ ಒಂದು ಭಾಗ. 2 ವೋಲ್ಟ್ ಕೊಟ್ಟರೆ ಬರುವುದು 10 ಮಿಲಿವೋಲ್ಟ್. ನಿಮ್ಮ ಕಾರ್ಡ್ ಎಷ್ಟು ಬಿಟ್?

---

ಸಹನಾ_ಕಂಟ್ರೋಲ್ಸ್

12 ಬಿಟ್, −10ರಿಂದ +10 ವೋಲ್ಟ್.

---

ಬಯಲುಸೀಮೆ

ಹಾಗಾದರೆ ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. ನಿಮ್ಮ ಸೈನ್ ಅಲೆ ಮಧ್ಯದಿಂದ ಮೇಲಕ್ಕೆ ಎರಡು ಮೆಟ್ಟಿಲು, ಕೆಳಕ್ಕೆ ಎರಡು ಮೆಟ್ಟಿಲು. ಇಷ್ಟರಲ್ಲಿ −46.2 ಎಂದು ದಶಮಾಂಶದವರೆಗೆ ಬರೆಯುವುದು ಹೇಗೆ? ಮೇಷ್ಟ್ರ ವಾದವೆಲ್ಲ 400ರ ಬಿಂದುವಿನ ಮೇಲೆ ನಿಂತಿದೆ. ಆ ಬಿಂದುವೇ ದುರ್ಬಲ.

---

ಮಲೆನಾಡ_ಮೇಷ್ಟ್ರು

ಒಳ್ಳೆಯ ಪ್ರಶ್ನೆ, ಇದನ್ನು ನಾನೇ ಮೊದಲು ಕೇಳಬೇಕಿತ್ತು. ಎರಡು ಸಂಗತಿಗಳ ಮೇಲೆ ಉತ್ತರ ನಿಂತಿದೆ. ಸಹನಾ, ಗೇನ್ ಹೇಗೆ ತೆಗೆದಿರಿ? ತೆರೆಯ ಮೇಲೆ ಅಲೆಯ ತುದಿಯಿಂದ ತುದಿಗೆ ಅಳೆದಿರಾ, ಅಥವಾ ಸೈನ್ ಮತ್ತು ಕೊಸೈನ್‌ನಿಂದ ಗುಣಿಸಿ ಸರಾಸರಿ ತೆಗೆದಿರಾ?

---

ಸಹನಾ_ಕಂಟ್ರೋಲ್ಸ್

ಗುಣಿಸಿ ಸರಾಸರಿ. 20 ಸೆಕೆಂಡಿನಷ್ಟು ಡೇಟಾ, ಪೂರ್ಣ ಆವರ್ತಗಳನ್ನು ಮಾತ್ರ ಇಟ್ಟುಕೊಂಡು.

---

ಮಲೆನಾಡ_ಮೇಷ್ಟ್ರು

ಹಾಗಿದ್ದರೆ ಸಾವಿರಕ್ಕೂ ಹೆಚ್ಚು ಆವರ್ತಗಳ ಸರಾಸರಿ ಸಿಕ್ಕಿದೆ. ಟ್ಯಾಕೋದ ರಿಪ್ಪಲ್ ಮೇಲಿರುವುದರಿಂದ ಸಿಗ್ನಲ್ ಒಂದೇ ಎರಡು ಮೆಟ್ಟಿಲಿನಲ್ಲಿ ಸಿಕ್ಕಿಕೊಳ್ಳದೆ ಹತ್ತಾರು ಮೆಟ್ಟಿಲುಗಳ ಮೇಲೆ ಓಡಾಡುತ್ತದೆ. ಸರಾಸರಿಯಲ್ಲಿ ಮೆಟ್ಟಿಲಿನ ತಪ್ಪು ಬಹುಮಟ್ಟಿಗೆ ಕರಗುತ್ತದೆ. ಆದರೆ ರಿಪ್ಪಲ್ ಆವರ್ತನವೇ 400ಕ್ಕೆ ತಾಗಿಕೊಂಡಿದ್ದರೆ ಅದು ಅಳತೆಯೊಳಗೆ ನುಸುಳುತ್ತದೆ. ಡಿಸಿಯನ್ನು 3ರಿಂದ 4 ವೋಲ್ಟ್‌ಗೆ ಏರಿಸಿ 400ರ ಬಿಂದುವನ್ನು ಮತ್ತೊಮ್ಮೆ ತೆಗೆಯಿರಿ. ವೇಗ ಬದಲಾದರೆ ರಿಪ್ಪಲ್ ಆವರ್ತನವೂ ಬದಲಾಗುತ್ತದೆ, ಮೋಟಾರಿನ ಗೇನ್ ಬದಲಾಗಬಾರದು.

---

ಬಯಲುಸೀಮೆ

ಟ್ಯಾಕೋ ಸಿಗ್ನಲ್ಲಿನ ಡಿಸಿಯನ್ನು ಕಳೆದು ಹತ್ತರಷ್ಟು ವರ್ಧಿಸಿ ಕಾರ್ಡಿಗೆ ಕೊಟ್ಟರೆ ಈ ಚರ್ಚೆಯೇ ಬೇಡ.

---

ಪವರ್‌ಸಪ್ಲೈ_ಹೆಗಡೆ

ಆ ವರ್ಧಕ ತನ್ನದೇ ಫೇಸ್ ತಂದು ಸೇರಿಸುತ್ತದೆ. ಅದನ್ನೂ ಅಳೆಯಬೇಕಾಗುತ್ತದೆ.

---

ಸಹನಾ_ಕಂಟ್ರೋಲ್ಸ್

4 ವೋಲ್ಟ್‌ನಲ್ಲಿ −46.0 ಬಂತು. ಫೇಸ್ ಒಂದು ಡಿಗ್ರಿಯಷ್ಟು ಮಾತ್ರ ಸರಿಯಿತು. ರಂಗಣ್ಣ ಹೇಳಿದಂತೆ 20ರಲ್ಲಿ 1 ವೋಲ್ಟ್ ಸೈನ್ ಕೊಟ್ಟೂ ನೋಡಿದೆ, ಗೇನ್ ಅದೇ ಇದೆ.

ಈಗ ವಿಳಂಬದ ಪ್ರಶ್ನೆ. ಮೋಟಾರಿನಲ್ಲಿ 5 ಮಿಲಿಸೆಕೆಂಡ್ ವಿಳಂಬ ಎಲ್ಲಿಂದ ಬರುತ್ತದೆ? ಪೈಪು ಇಲ್ಲ, ಬೆಲ್ಟ್ ಇಲ್ಲ.

---

ಮ್ಯೂನಿಕ್_ಕನ್ನಡತಿ

ಮೋಟಾರಿನದಲ್ಲ ಎಂದು ನನ್ನ ಬಲವಾದ ಅನುಮಾನ. ಕಾರ್ಡಿನ ಸ್ಯಾಂಪಲ್ ಸಮಯ ಎಷ್ಟು? ಮೋಟಾರ್ ಬಿಚ್ಚಿ, ಕಾರ್ಡಿನ ಔಟ್‌ಪುಟ್ಟನ್ನು ಒಂದು ತಂತಿಯಿಂದ ನೇರವಾಗಿ ಇನ್‌ಪುಟ್ಟಿಗೆ ಜೋಡಿಸಿ, ಅದೇ ಪ್ರೋಗ್ರಾಮ್ ಓಡಿಸಿ. ತಂತಿಗೆ ಪೋಲ್ ಇಲ್ಲ, ಬಂದ ಫೇಸ್ ಎಲ್ಲವೂ ಕಾರ್ಡಿನದು.

---

ಸಹನಾ_ಕಂಟ್ರೋಲ್ಸ್

ಸ್ಯಾಂಪಲ್ ಸಮಯ 2 ಮಿಲಿಸೆಕೆಂಡ್. ತಂತಿ ಜೋಡಿಸಿ ನೋಡಿದೆ: ಗೇನ್ ಎಲ್ಲ ಕಡೆ 0 ಡೆಸಿಬೆಲ್, 400ರಲ್ಲಿ ಫೇಸ್ −92. ಲೆಕ್ಕ ಹಾಕಿದರೆ 4 ಮಿಲಿಸೆಕೆಂಡ್. ಇನ್ನೂ 1 ಮಿಲಿಸೆಕೆಂಡ್ ಉಳಿಯಿತು. ಅದು ಮೋಟಾರಿನದೇ?

---

ಮ್ಯೂನಿಕ್_ಕನ್ನಡತಿ

ಅಲ್ಲ. 4 ಮಿಲಿಸೆಕೆಂಡ್ ಎಂದರೆ ಎರಡು ಸ್ಯಾಂಪಲ್, ಪ್ರೋಗ್ರಾಮಿನ ಬಫರಿನಲ್ಲಿ ನಿಂತದ್ದು. ಉಳಿದ 1 ಮಿಲಿಸೆಕೆಂಡ್ ಅರ್ಧ ಸ್ಯಾಂಪಲ್. ಕಾರ್ಡ್ ಒಂದು ಬೆಲೆ ಬರೆದರೆ ಮುಂದಿನ ಬರವಣಿಗೆಯವರೆಗೆ 2 ಮಿಲಿಸೆಕೆಂಡ್ ಅದನ್ನೇ ಹಿಡಿದಿರುತ್ತದೆ. ಮೋಟಾರ್ ಆ ಮೆಟ್ಟಿಲು ಅಲೆಯನ್ನು ಸರಾಸರಿ ಅರ್ಧ ಮೆಟ್ಟಿಲು ತಡವಾದ ಸೈನ್‌ನಂತೆ ಕಾಣುತ್ತದೆ. ತಂತಿಯ ಪರೀಕ್ಷೆಯಲ್ಲಿ ಇದು ಕಾಣಲಿಲ್ಲ, ಏಕೆಂದರೆ ನಿಮ್ಮ ಪ್ರೋಗ್ರಾಮ್ ಬರೆದ ಕೂಡಲೇ ಓದುತ್ತಿದ್ದರೆ ಮೆಟ್ಟಿಲಿನ ಆರಂಭವನ್ನೇ ಓದುತ್ತದೆ. ಓದುವ ಕ್ಷಣ ಬೇರೆಯಾಗಿದ್ದರೆ ತಂತಿಯ ಉತ್ತರವೂ ಬೇರೆ ಬರುತ್ತಿತ್ತು. ಪ್ರೋಗ್ರಾಮಿನಲ್ಲಿ ಬರೆಯುವುದು ಮೊದಲೋ ಓದುವುದು ಮೊದಲೋ ನೋಡಿಬಿಡಿ.

---

ಸಹನಾ_ಕಂಟ್ರೋಲ್ಸ್

ನೋಡಿದೆ, ಬರೆಯುವುದು ಮೊದಲು, ಅದರ ಹಿಂದೆಯೇ ಓದುವುದು. ಹಾಗಾದರೆ 5 ಮಿಲಿಸೆಕೆಂಡ್ ಪೂರ್ತಿ ಕಾರ್ಡಿನದು. ಅದನ್ನು ಮಾಡೆಲ್‌ನಿಂದ ತೆಗೆದುಹಾಕಲೇ?

---

ಕಿರಣ್_ರೋಬೋ

ತೆಗೆಯಬೇಡಿ! ನಾಳೆ ಇದೇ ಕಾರ್ಡಿನಿಂದ ಮೋಟಾರನ್ನು ನಿಯಂತ್ರಿಸುತ್ತೀರಲ್ಲ? ಲೂಪಿಗೆ ಕಾಣುವುದು ಮೋಟಾರ್ ಮತ್ತು ಕಾರ್ಡ್ ಸೇರಿದ್ದು. 80ರಲ್ಲಿ ಲೂಪ್ ಮುಚ್ಚಿದರೆ 23 ಡಿಗ್ರಿ ಫೇಸ್ ಮಾರ್ಜಿನ್ ಹೋಗುತ್ತದೆ. ಕಾಗದದಲ್ಲಿ ತೆಗೆದುಹಾಕಿದ ಮಾತ್ರಕ್ಕೆ ಅದು ಎಲ್ಲಿಗೂ ಹೋಗುವುದಿಲ್ಲ.

---

ಮಲೆನಾಡ_ಮೇಷ್ಟ್ರು

ತೆಗೆಯುವುದೂ ಬೇಡ, ಕಲಸುವುದೂ ಬೇಡ. ಮೋಟಾರಿನ ಎರಡು ಪೋಲ್ ಒಂದು ಕಡೆ, ಕಾರ್ಡಿನ ವಿಳಂಬ ಇನ್ನೊಂದು ಕಡೆ ಬರೆದಿಡಿ. ಸ್ಯಾಂಪಲ್ ಸಮಯವನ್ನು 0.5 ಮಿಲಿಸೆಕೆಂಡಿಗೆ ಇಳಿಸಿದರೆ ವಿಳಂಬ ಎರಡೂವರೆ ಸ್ಯಾಂಪಲ್ಲಿನ ಲೆಕ್ಕದಲ್ಲಿ 1.25ಕ್ಕೆ ಇಳಿಯುತ್ತದೆ, ಪೋಲ್‌ಗಳು ಇದ್ದಲ್ಲೇ ಇರುತ್ತವೆ. ಒಂದೇ ಸೂತ್ರದಲ್ಲಿ ಬೆರೆಸಿ ಇಟ್ಟರೆ ಆಗ ಯಾವುದನ್ನು ತಿದ್ದಬೇಕೆಂದು ತಿಳಿಯುವುದಿಲ್ಲ.

---

ಕಿರಣ್_ರೋಬೋ

ಪ್ಲಾಂಟ್ ಎಂದರೆ ಕಂಟ್ರೋಲರಿಗೆ ಹೊರಗಡೆ ಕಾಣುವುದೆಲ್ಲ ಎಂಬುದೇ ನನ್ನ ಅಭಿಪ್ರಾಯ. ಬೇರೆ ಬರೆದಿಟ್ಟವರು ವಿನ್ಯಾಸ ಮಾಡುವಾಗ ವಿಳಂಬವನ್ನು ಮರೆಯುತ್ತಾರೆ, ನಮ್ಮ ತಂಡದಲ್ಲೇ ಹಾಗಾಗಿದೆ.

---

ವರ್ಕ್‌ಶಾಪ್_ರಂಗಣ್ಣ

ನನ್ನದೊಂದು ಕಡೆಯ ಪ್ರಶ್ನೆ. ಟ್ಯಾಕೋ ಮೋಟಾರಿನ ಹಿಂಬದಿಯಲ್ಲಿದೆಯೋ, ಕಪ್ಲಿಂಗ್ ದಾಟಿ ಚಕ್ರದ ಕಡೆ ಇದೆಯೋ? ಕಪ್ಲಿಂಗ್ ರಬ್ಬರಿನದಾದರೆ ಅದು ತಿರುಚಿಕೊಂಡು ಅಲುಗುತ್ತದೆ.

---

ಸಹನಾ_ಕಂಟ್ರೋಲ್ಸ್

ಚಕ್ರದ ಕಡೆ ಇದೆ ಅಣ್ಣ. ಕಪ್ಲಿಂಗ್ ರಬ್ಬರಿನದೇ.

---

ಮಲೆನಾಡ_ಮೇಷ್ಟ್ರು

ರಂಗಣ್ಣನವರ ಪ್ರಶ್ನೆ ಬಹಳ ಮುಖ್ಯ. ಹಾಗಾದರೆ 400ರ ಆಚೆ ಎಲ್ಲೋ ತಿರುಚಿನ ಅನುರಣನ ಇರಲೇಬೇಕು. ಟ್ಯಾಕೋ ಮೋಟಾರಿನ ಕಡೆ ಇದ್ದಿದ್ದರೆ ಗೇನ್‌ನಲ್ಲಿ ಮೊದಲು ಒಂದು ಗುಂಡಿ, ಆಮೇಲೆ ಒಂದು ಶಿಖರ ಕಾಣುತ್ತಿತ್ತು, ಫೇಸ್ ಏರಿ ಇಳಿಯುತ್ತಿತ್ತು. ಚಕ್ರದ ಕಡೆ ಇರುವುದರಿಂದ ಗುಂಡಿ ಇಲ್ಲದೆ ಶಿಖರ ಮಾತ್ರ ಬರುತ್ತದೆ, ಅದನ್ನು ದಾಟುವಾಗ ಫೇಸ್ ಇನ್ನೂ 180 ಇಳಿಯುತ್ತದೆ, ಇಳಿಜಾರು −80ರತ್ತ ಹೋಗುತ್ತದೆ. ನಿಮ್ಮ ಕಾರ್ಡಿನ ಮಿತಿ ಸುಮಾರು 1570. 450ರಿಂದ 1000ದವರೆಗೆ ಹತ್ತಿರ ಹತ್ತಿರದ ಬಿಂದುಗಳನ್ನು ತೆಗೆಯಿರಿ, ಇಲ್ಲದಿದ್ದರೆ ಶಿಖರ ಎರಡು ಬಿಂದುಗಳ ನಡುವೆ ತಪ್ಪಿಸಿಕೊಳ್ಳುತ್ತದೆ. ಸಿಗ್ನಲ್ ಇನ್ನೂ ಚಿಕ್ಕದಾಗುತ್ತದೆ, ಆಗ ಬಯಲುಸೀಮೆಯವರ ವರ್ಧಕ ನಿಜಕ್ಕೂ ಬೇಕಾಗುತ್ತದೆ.

---

ವರ್ಕ್‌ಶಾಪ್_ರಂಗಣ್ಣ

ಅದಕ್ಕೆ ಮೊದಲು ಕಪ್ಲಿಂಗಿನ ಸ್ಕ್ರೂ ಬಿಗಿ ಇದೆಯೇ ನೋಡಿ ತಂಗೀ. ಸಡಿಲವಿದ್ದರೆ ಶಿಖರ ದಿನಕ್ಕೊಂದು ಜಾಗದಲ್ಲಿ ಕಾಣುತ್ತದೆ.

---

ಸಹನಾ_ಕಂಟ್ರೋಲ್ಸ್

ಚಕ್ರದ ಕಡೆಯ ಸ್ಕ್ರೂ ಕಾಲು ಸುತ್ತು ಸಡಿಲವಿತ್ತು, ಬಿಗಿ ಮಾಡಿದೆ. ಸೋಮವಾರ 450ರಿಂದ ಮೇಲಿನ ಬಿಂದುಗಳನ್ನು ತೆಗೆದು, ಜೊತೆಗೆ 80, 160, 400ರಲ್ಲೂ ಮತ್ತೆ ಅಳೆದು ಇದೇ ಪಟ್ಟಿಯ ಕೆಳಗೆ ಹಾಕುತ್ತೇನೆ.